ತೆರಪು ಅಳಿದಾಗ ಸೂಚನಾಪತ್ರ
(ಸಾಗರ ಸೂಚನೆಗಳನ್ನು ಕನ್ನಡದಲ್ಲಿ ಸಿದ್ಧಪಡಿಸುವವರನ್ನು ಉದ್ದೇಶಿಸಿ ಹೈದರಾಬಾದಿನಲ್ಲಿ ಮಾಡಿದ ಉಪನ್ಯಾಸ)



ಕಡಲಿನಿಂದ ನೂರಾರು ಕಿಲೋಮೀಟರು ದೂರದಲ್ಲಿರುವ ಈ ಹೈದರಾಬಾದು ನಗರದಿಂದಲೇ ನಮ್ಮ ಕರಾವಳಿಯ ಮೀನುಗಾರರಿಗೆ ಕಡಲಿನ ಸುದ್ದಿ ತಲಪುತ್ತದೆಯೆಂಬುದು ನಿಮಗೆಲ್ಲ ತಿಳಿದ ಸಂಗತಿ. ಇನ್‌ಕಾಯ್ಸ್ ಎಂದು ಕರೆಯಲಾಗುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು 1999ರಲ್ಲಿ ಇಲ್ಲಿ ಸ್ಥಾಪಿತವಾಯಿತು. 2004ರ ಸುನಾಮಿಯ ಅನಂತರ, 2007ರಲ್ಲಿ, ದೇಶದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವೂ ಇಲ್ಲಿಯೇ ಕಾರ್ಯಾರಂಭ ಮಾಡಿತು. ಅಲೆಗಳ ಎತ್ತರವನ್ನು ಕುರಿತ ಮುನ್ಸೂಚನೆಗಳೂ, ಮೀನು ಸಿಗುವ ಸಂಭವವಿರುವ ವಲಯಗಳನ್ನು ತಿಳಿಸುವ ಸಲಹಾಪತ್ರಗಳೂ ಈ ಕೇಂದ್ರದಿಂದ ಹೊರಡುತ್ತವೆ. ಆ ಸಲಹೆಗಳು ಕರಾವಳಿಯ ಭಾಷೆಗಳಲ್ಲಿಯೂ ಪ್ರಕಟವಾಗುತ್ತವೆ. ಕನ್ನಡವೂ ಅವುಗಳಲ್ಲಿ ಒಂದು.

ನಾನು ಇಂದು ಮಾತನಾಡಬೇಕೆಂದಿರುವುದು ಸಾಗರವಿಜ್ಞಾನವನ್ನು ಕುರಿತಲ್ಲ. ಈ ಪತ್ರಗಳಲ್ಲಿ ಅಕ್ಷರಗಳ ನಡುವೆ ಇರುವ ಬರಿಯ ತೆರಪನ್ನು ಕುರಿತು. ಕಾಗದದ ಮೇಲೆ ನಾವು ಅಡ್ಡಗೆರೆ ಎಳೆಯುತ್ತೇವೆ, ಅಂಕಣಗಳನ್ನು ಒಂದರ ಕೆಳಗೊಂದು ನಿಲ್ಲಿಸುತ್ತೇವೆ, ಉಪಸೂಚನೆಗಳನ್ನು ಅಂಚಿನಿಂದ ಒಳಸರಿಸಿ ಬರೆಯುತ್ತೇವೆ. ಯಾವುದು ಯಾವುದಕ್ಕೆ ಸೇರಿದ್ದೆಂಬುದನ್ನು ಓದುಗನಿಗೆ ತಿಳಿಸುವುದು ಆ ತೆರಪೇ. ಆದರೆ ಇದೇ ಪತ್ರವು ಕಿರುಸಂದೇಶವಾಗಿಯೋ, ಬಂದರಿನ ವಿದ್ಯುನ್ಮಾನ ಫಲಕದ ಮೇಲೆ ಓಡುವ ಸಾಲಾಗಿಯೋ ಮಾರ್ಪಟ್ಟಾಗ ತೆರಪು ಅಳಿದುಹೋಗುತ್ತದೆ. ಅಕ್ಷರಗಳು ಮಾತ್ರ ಉಳಿಯುತ್ತವೆ. ಆಗ ಅರ್ಥಕ್ಕೆ ಏನಾಗುತ್ತದೆ ಎಂಬುದು ಇಲ್ಲಿಯ ಪ್ರಶ್ನೆ.

ಸಂಭಾವ್ಯ ಮೀನುಗಾರಿಕಾ ವಲಯದ ಸಲಹಾಪತ್ರವನ್ನೇ ತೆಗೆದುಕೊಳ್ಳೋಣ. ಉಪಗ್ರಹಗಳು ಅಳೆದ ಕಡಲಮೇಲ್ಮೈಯ ಉಷ್ಣತೆ ಮತ್ತು ಹರಿತ್ತಿನ ಪ್ರಮಾಣಗಳನ್ನು ಆಧರಿಸಿ ಇದನ್ನು ಸಿದ್ಧಪಡಿಸುತ್ತಾರೆ. ಮೋಡ ದಟ್ಟವಾಗಿ ಕವಿದ ದಿನಗಳಲ್ಲಿ ಇದು ಹೊರಡುವುದಿಲ್ಲ. ಮೀನುಗಾರಿಕೆಗೆ ನಿಷೇಧವಿರುವ ಅವಧಿಯಲ್ಲಿ, ಅಂದರೆ ಪಶ್ಚಿಮ ಕರಾವಳಿಯಲ್ಲಿ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ, ಸಹ ಇಲ್ಲ. ಪತ್ರದ ಹೃದಯಭಾಗವೆಂದರೆ ಒಂದು ಕೋಷ್ಟಕ. ದಡದ ಯಾವ ಸ್ಥಳದಿಂದ, ಯಾವ ದಿಕ್ಕಿಗೆ, ಎಷ್ಟು ಡಿಗ್ರಿ ಕೋನದಲ್ಲಿ, ಎಷ್ಟರಿಂದ ಎಷ್ಟು ಕಿಲೋಮೀಟರು ದೂರದಲ್ಲಿ, ಎಷ್ಟರಿಂದ ಎಷ್ಟು ಮೀಟರು ಆಳದಲ್ಲಿ, ಕೊನೆಗೆ ಯಾವ ಅಕ್ಷಾಂಶ ರೇಖಾಂಶಗಳಲ್ಲಿ ಎಂಬುದನ್ನು ಅದರ ಅಂಕಣಗಳು ತಿಳಿಸುತ್ತವೆ. ನೆಲೆಯನ್ನು ಹೀಗೆ ಎರಡು ಬಗೆಯಲ್ಲಿ ಹೇಳಿರುವುದು ಉಪಯುಕ್ತವಾದ ಏರ್ಪಾಡು. ಅದರ ಪ್ರಯೋಜನವನ್ನು ಮುಂದೆ ನೋಡುವೆವು.

ವಿವರಣೆಯ ಅನುಕೂಲಕ್ಕಾಗಿ ಮಲ್ಪೆಗೆ ಸಂಬಂಧಿಸಿದಂತೆ ಒಂದು ಸಾಲನ್ನು ನಾನೇ ಕಲ್ಪಿಸಿಕೊಂಡಿದ್ದೇನೆ. ಇದು ಯಾವ ದಿನದ ನಿಜವಾದ ಸಲಹೆಯೂ ಅಲ್ಲ.

```
--------------------------------------------------
ಸ್ಥಳ     ದಿಕ್ಕು    ಕೋನ   ದೂರ     ಆಳ      ಅಕ್ಷಾಂಶ    ರೇಖಾಂಶ
--------------------------------------------------
ಮಲ್ಪೆ    ನೈಋತ್ಯ   225   42 47   45 50   13 03 50  74 24 30
--------------------------------------------------
```

ಕಾಗದದ ಮೇಲೆ ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಈಗ ಬಂದರಿನ ಸಹಕಾರ ಸಂಘದ ಒಬ್ಬ ಗುಮಾಸ್ತ, ಸದುದ್ದೇಶದಿಂದಲೇ, ಈ ಕೋಷ್ಟಕವನ್ನು ಗಣಕದ ತೆರೆಯಿಂದ ನಕಲು ಮಾಡಿ ಸದಸ್ಯರ ಮೊಬೈಲುಗಳಿಗೆ ಕಳುಹಿಸುತ್ತಾನೆಂದು ಭಾವಿಸಿ. ಜಾಲಪುಟದ ಕೋಷ್ಟಕವನ್ನು ನಕಲಿಸಿದಾಗ ಅಂಕಣಗಳ ನಡುವೆ ಸಾಮಾನ್ಯವಾಗಿ ಟ್ಯಾಬ್ ಎಂಬ ಸಂಜ್ಞೆ ಬರುತ್ತದೆ. ಕಿರುಸಂದೇಶಗಳಿಗಾಗಿ ನಿಗದಿಯಾದ ಮೂಲ ಅಕ್ಷರಮಾಲೆಯಲ್ಲಿ ಟ್ಯಾಬ್ ಇಲ್ಲವೇ ಇಲ್ಲ. ಸಾಲು ಮುರಿಯುವ ಸಂಜ್ಞೆ ಮಾತ್ರ ಇದೆ. ಸಂದೇಶವನ್ನು ಸಾಗಿಸುವ ತಂತ್ರಾಂಶಗಳು ಟ್ಯಾಬಿನ ಬದಲು ಒಂದು ತೆರಪನ್ನು ಇಡಬಹುದು, ಇಲ್ಲವೆ ಅದನ್ನು ಕೈಬಿಡಬಹುದು. ಸಾಲು ಮುರಿಯುವ ಸಂಜ್ಞೆಯನ್ನೂ ಒಂದೇ ಸಾಲಿನ ಓಡುವ ಫಲಕ ಲೆಕ್ಕಿಸುವುದಿಲ್ಲ. ಕೊನೆಗೆ ಮೀನುಗಾರನ ಕಣ್ಣಿಗೆ ಬೀಳುವುದು ಇಷ್ಟು:

```
ಮಲ್ಪೆ ನೈಋತ್ಯ 225 42 47 45 50 13 03 50 74 24 30
```

ಇಲ್ಲಿ ಒಂದು ಅಂಕಿಯೂ ತಪ್ಪಿಲ್ಲ, ಒಂದೂ ಕಳೆದುಹೋಗಿಲ್ಲ. ಆದರೂ 42, 47, 45, 50 ಎಂಬ ನಾಲ್ಕರಲ್ಲಿ ದೂರ ಯಾವುದು, ಆಳ ಯಾವುದು ಎಂದು ಹೇಳುವ ಗುರುತು ಮಾಯವಾಗಿದೆ. ದಿನವೂ ಇದನ್ನೇ ಓದಿ ರೂಢಿಯಾದವನು ಅನುಕ್ರಮವನ್ನು ನೆನಪಿಟ್ಟುಕೊಂಡು ಓದಿಯಾನು. ಹೊಸಬನು ಊಹಿಸಬೇಕಾಗುತ್ತದೆ.

ಇದಕ್ಕಿಂತ ಗಂಭೀರವಾದ ಪ್ರಸಂಗವೆಂದರೆ ಒಂದು ಅಂಕಣ ಖಾಲಿಯಿರುವುದು. ಆಳದ ಅಂಕಣವನ್ನು ಯಾವುದೋ ಕಾರಣದಿಂದ ಭರ್ತಿ ಮಾಡಿಲ್ಲವೆನ್ನಿ. ಕಾಗದದಲ್ಲಿ ಆ ಜಾಗ ಬರಿದಾಗಿ ಕಾಣುತ್ತದೆ. ಮಾಹಿತಿ ಇಲ್ಲವೆಂದು ಯಾರಿಗಾದರೂ ತಿಳಿಯುತ್ತದೆ. ಸಪಾಟಾದ ಸಾಲಿನಲ್ಲಿ ಬರಿದಾದ ಜಾಗವೆಂಬುದೇ ಇಲ್ಲ. ಆದುದರಿಂದ ಮುಂದಿನ ಅಂಕಿಗಳೆಲ್ಲ ಎಡಕ್ಕೆ ಸರಿದು ಆ ಸ್ಥಾನವನ್ನು ತುಂಬಿಕೊಳ್ಳುತ್ತವೆ:

```
ಮಲ್ಪೆ ನೈಋತ್ಯ 225 42 47 13 03 50 74 24 30
```

ಅನುಕ್ರಮವನ್ನು ನಂಬಿ ಓದುವ ಅನುಭವಿಯೇ ಇಲ್ಲಿ ಮೋಸಹೋಗುತ್ತಾನೆ. ಅಕ್ಷಾಂಶದ 13 ಅವನಿಗೆ ಆಳವಾಗಿ ಕಾಣುತ್ತದೆ. ಹದಿಮೂರು ಮೀಟರು ಆಳವೆಂದರೆ ದಡಕ್ಕೆ ಬಹು ಸಮೀಪದ ನೀರು. ದೂರ ನಲವತ್ತಕ್ಕೂ ಮೀರಿದ ಕಿಲೋಮೀಟರು, ಆಳ ಮಾತ್ರ ಹದಿಮೂರು ಮೀಟರು ಎಂಬುದು ನಮ್ಮ ಕರಾವಳಿಯಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ಕಡಲನ್ನು ಬಲ್ಲವನು ಆ ಅಸಂಗತಿಯಿಂದಲೇ ತಪ್ಪನ್ನು ಹಿಡಿಯಬಲ್ಲ.

ನೆಲೆಯನ್ನು ಎರಡು ಬಗೆಯಲ್ಲಿ ಹೇಳಿರುವುದು ನೆರವಿಗೆ ಬರುವುದೂ ಇಲ್ಲಿಯೇ. ಮಲ್ಪೆ ಬಂದರಿನ ಅಕ್ಷಾಂಶ ಸುಮಾರು 13 ಡಿಗ್ರಿ 21 ಮಿನಿಟು. ನಮ್ಮ ಸಾಲಿನಲ್ಲಿ ಸೂಚಿಸಿರುವುದು ಸುಮಾರು 13 ಡಿಗ್ರಿ 4 ಮಿನಿಟು. ವ್ಯತ್ಯಾಸ 17 ಮಿನಿಟು. ಅಕ್ಷಾಂಶದ ಒಂದು ಮಿನಿಟೆಂದರೆ ಒಂದು ನಾಟಿಕಲ್ ಮೈಲಿ, ಅಂದರೆ 1.85 ಕಿಲೋಮೀಟರು, ಹೀಗಾಗಿ ಆ ನೆಲೆಯು ಮಲ್ಪೆಗಿಂತ ಸುಮಾರು 31 ಕಿಲೋಮೀಟರು ದಕ್ಷಿಣಕ್ಕಿದೆ. ಇನ್ನೊಂದು ಕಡೆಯಿಂದ ನೋಡಿದರೆ, 225 ಡಿಗ್ರಿಯೆಂಬುದು ಸರಿಯಾಗಿ ನೈಋತ್ಯ; ಆ ದಿಕ್ಕಿನಲ್ಲಿ ಸಾಗಿದ ದೂರದ ಏಳು ದಶಾಂಶದಷ್ಟು ದಕ್ಷಿಣಕ್ಕೆ ಸಂದಾಯವಾಗುತ್ತದೆ. 42 ಮತ್ತು 47ರ ನಡುವಣ 44.5 ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಬರುವುದು ಅದೇ 31. ಎರಡು ದಾರಿಗಳೂ ಒಂದೇ ಕಡೆ ಕೂಡಿದ್ದರಿಂದ ದೂರವೆಂದು ಓದಿದ ಅಂಕಿಗಳು ನಿಜವಾಗಿಯೂ ದೂರದವೇ ಎಂದು ಖಚಿತವಾಯಿತು. ಆದರೆ ಬೆಳಗಿನ ಜಾವ ಎಂಜಿನು ಚಾಲೂ ಮಾಡಿ ಹೊರಡಲು ನಿಂತವನಿಂದ ಈ ಲೆಕ್ಕವನ್ನು ಅಪೇಕ್ಷಿಸುವುದು ನ್ಯಾಯವಲ್ಲ. ಅದನ್ನು ಕಳುಹಿಸುವವರೇ ನೋಡಿಕೊಳ್ಳಬೇಕು.

ಗಣಕಗಳು ತೆರಪನ್ನು ಏಕೆ ನುಂಗುತ್ತವೆ ಎಂದು ಕೆಲವರು ಕೇಳುತ್ತಾರೆ. ಇದು ದೋಷವಲ್ಲ, ಬೇಕೆಂದೇ ಮಾಡಿದ ನಿಯಮ. ಜಾಲಪುಟಗಳ ಭಾಷೆಯಲ್ಲಿ ಎಷ್ಟೇ ತೆರಪು, ಟ್ಯಾಬ್, ಸಾಲುಮುರಿತಗಳು ಒಟ್ಟಿಗೆ ಬಂದರೂ ಅವನ್ನು ಒಂದೇ ತೆರಪಾಗಿ ತೋರಿಸಬೇಕೆಂಬುದು ರೂಢಿ. ಓದುಗನ ತೆರೆ ಅಗಲವೋ ಕಿರಿದೋ ಎಂಬುದು ಬರೆಯುವವನಿಗೆ ತಿಳಿಯದು. ಆದುದರಿಂದ ಸಾಲನ್ನು ಎಲ್ಲಿ ಮುರಿಯಬೇಕೆಂಬ ನಿರ್ಧಾರವನ್ನು ತೋರಿಸುವ ಯಂತ್ರಕ್ಕೇ ಬಿಟ್ಟಿದ್ದಾರೆ. ಗದ್ಯಕ್ಕೆ ಇದು ಅತ್ಯುತ್ತಮವಾದ ನಿಯಮ. ತೆರಪನ್ನೇ ಅರ್ಥದ ವಾಹನವಾಗಿ ಮಾಡಿಕೊಂಡ ಬರೆಹಕ್ಕೆ ಮಾತ್ರ ಅದು ಮಾರಕ.

ಆ ಭಾಷೆಯಲ್ಲಿ `<pre>` ಎಂಬ ಗುರುತು ಇದೆ, ಅದರೊಳಗೆ ಬರೆದರೆ ತೆರಪು ಇದ್ದಂತೆಯೇ ಉಳಿಯುತ್ತದೆಯಲ್ಲ ಎಂದು ಬಲ್ಲವರು ಹೇಳಬಹುದು. ಉಳಿಯುತ್ತದೆ, ನಿಜ. ಆದರೆ ಕನ್ನಡಕ್ಕೆ ಅದರಿಂದ ಆಗುವ ಉಪಕಾರ ಅಲ್ಪ. ಆಂಗ್ಲ ಬೆರಳಚ್ಚಿನಲ್ಲಿ ಎಲ್ಲ ಅಕ್ಷರಗಳಿಗೂ ಒಂದೇ ಅಗಲ ಕೊಡಬಹುದಾದುದರಿಂದ ತೆರಪುಗಳನ್ನು ಎಣಿಸಿ ಅಂಕಣಗಳನ್ನು ನೇರವಾಗಿ ನಿಲ್ಲಿಸಬಹುದು. ನಮ್ಮ ಲಿಪಿಯಲ್ಲಿ ಆ ಎಣಿಕೆಯೇ ನಡೆಯದು. ‘ಮಲ್ಪೆ’ ಎಂಬುದು ಕಣ್ಣಿಗೆ ಎರಡು ಅಕ್ಷರ. ಗಣಕದ ಲೆಕ್ಕದಲ್ಲಿ ಮ, ಲ, ವಿರಾಮಚಿಹ್ನೆ, ಪ, ಎತ್ವ ಹೀಗೆ ಐದು ಸಂಕೇತ. ‘ಕಾರವಾರ’ ಕಣ್ಣಿಗೆ ನಾಲ್ಕು ಅಕ್ಷರ. ಗಣಕಕ್ಕೆ ಆರು ಸಂಕೇತ. ಸಂಕೇತಗಳನ್ನು ಎಣಿಸಿ ತೆರಪು ತುಂಬುವ ತಂತ್ರಾಂಶವು ಮಲ್ಪೆಗೆ ಕಾರವಾರಕ್ಕಿಂತ ಒಂದೇ ಒಂದು ತೆರಪನ್ನು ಹೆಚ್ಚಾಗಿ ಕೊಡುತ್ತದೆ. ಕಣ್ಣಿಗಾದರೋ ಸುಮಾರು ಎರಡು ಅಕ್ಷರಗಳಷ್ಟು ಅಂತರ ಬೇಕಾಗಿತ್ತು. ಅಂಕಣವು ಓರೆಯಾಗಿ ನಿಲ್ಲುವುದು ಹೀಗೆ. ನಾನು ಮೇಲೆ ಕೊಟ್ಟ ಕೋಷ್ಟಕವೂ ಈ ಪುಸ್ತಿಕೆಯಲ್ಲಿ ನೇರವಾಗಿ ನಿಂತಿದೆಯೋ ಇಲ್ಲವೋ ನೀವೇ ಪರೀಕ್ಷಿಸಬಹುದು. ಇನ್ನೂ ಒಂದು ತೊಡಕಿದೆ: `<pre>` ಒಳಗಿನ ಸಾಲು ಕಿರಿದಾದ ತೆರೆಯಲ್ಲಿ ಮಡಿಸಿಕೊಳ್ಳದೆ ಅಂಚಿನಾಚೆಗೆ ಹೋಗಿಬಿಡುತ್ತದೆ. ಬಲತುದಿಯಲ್ಲಿರುವ ಅಕ್ಷಾಂಶ ರೇಖಾಂಶಗಳೇ ಮೊದಲು ಮರೆಯಾಗುತ್ತವೆ.

ಜಾಲಪುಟದ ಮಟ್ಟಿಗೆ ಸರಿಯಾದ ಕ್ರಮವೆಂದರೆ `<table>` ಗುರುತಿನಿಂದ ನಿಜವಾದ ಕೋಷ್ಟಕವನ್ನೇ ಮಾಡಿ, ಖಾಲಿ ಅಂಕಣದಲ್ಲಿ ‘ಮಾಹಿತಿ ಇಲ್ಲ’ ಎಂದು ಅಕ್ಷರಗಳಲ್ಲಿ ಬರೆಯುವುದು. ಆದರೆ ಪತ್ರವು ಜಾಲಪುಟದಿಂದ ಆಚೆಗೆ ಹೊರಟ ಕ್ಷಣವೇ ಆ ಗುರುತುಗಳು ಕಳಚಿಬೀಳುತ್ತವೆ ಎಂಬುದನ್ನು ಮರೆಯಲಾಗದು.

ಇನ್ನು ಅಡ್ಡಗೆರೆಯ ವಿಚಾರ. ಕಿರುಗೆರೆಗಳನ್ನು ಸಾಲಾಗಿ ಒತ್ತಿ ಗೆರೆ ಮಾಡುವುದು ಬೆರಳಚ್ಚಿನ ಕಾಲದಿಂದ ಬಂದ ಅಭ್ಯಾಸ. ಕಾಗದದಲ್ಲಿ ಇದಕ್ಕೆ ತಗಲುವುದು ಸ್ವಲ್ಪ ಮಸಿ ಮಾತ್ರ. ಕಿರುಸಂದೇಶದಲ್ಲಿ ಪ್ರತಿ ಕಿರುಗೆರೆಯೂ ಒಂದು ಅಕ್ಷರದ ಜಾಗವನ್ನು ತಿನ್ನುತ್ತದೆ. ಆಂಗ್ಲ ಅಕ್ಷರಗಳ ಕಿರುಸಂದೇಶದಲ್ಲಿ 160 ಸಂಕೇತ ಹಿಡಿಸುತ್ತದೆ. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಆ ಮಿತಿ 70ಕ್ಕೆ ಇಳಿಯುತ್ತದೆ. ಸಂದೇಶ ಅದಕ್ಕಿಂತ ಉದ್ದವಾದರೆ ಅದನ್ನು ತುಂಡು ಮಾಡಿ ಕಳುಹಿಸುತ್ತಾರೆ. ಜೋಡಣೆಯ ಗುರುತಿಗೆ ಜಾಗ ಬೇಕಾದುದರಿಂದ ಪ್ರತಿ ತುಂಡಿಗೆ 67 ಮಾತ್ರ ದಕ್ಕುತ್ತದೆ. ನಮ್ಮ ಕೋಷ್ಟಕದಲ್ಲಿ ಐವತ್ತು ಕಿರುಗೆರೆಗಳ ಮೂರು ಅಡ್ಡಗೆರೆಗಳಿವೆ. ಅಂದರೆ 150 ಸಂಕೇತ. ಒಂದು ಅಕ್ಷರ ಸುದ್ದಿಯೂ ಇಲ್ಲದೆ ಗೆರೆಗಳಿಗಾಗಿಯೇ ಎರಡು ತುಂಡುಗಳು ತುಂಬಿ ಮೂರನೆಯದಕ್ಕೆ ಕೈ ಹಾಕಬೇಕಾಯಿತು!

ಈಗ ಅದೇ ಸಲಹೆಯನ್ನು ಗೆರೆಯೂ ಅಂಕಣವೂ ಇಲ್ಲದೆ, ಪ್ರತಿ ಅಂಕಿಗೂ ಅದರ ಹೆಸರನ್ನು ಅಂಟಿಸಿ ಬರೆದು ನೋಡೋಣ:

```
ಮಲ್ಪೆಯಿಂದ: ದಿಕ್ಕು ನೈಋತ್ಯ 225 ಡಿಗ್ರಿ; ದೂರ 42ರಿಂದ 47 ಕಿ.ಮೀ.; ಆಳ 45ರಿಂದ 50 ಮೀ.; ಅಕ್ಷಾಂಶ 13-03-50 ಉ.; ರೇಖಾಂಶ 74-24-30 ಪೂ.
```

ಎಣಿಸಿದರೆ ಇದು 117 ಸಂಕೇತ. ಎರಡು ತುಂಡುಗಳಲ್ಲಿ ಮುಗಿಯುತ್ತದೆ. ಇದನ್ನು ಓಡುವ ಫಲಕದಲ್ಲಿ ಹಾಕಿ, ದೂರವಾಣಿಯಲ್ಲಿ ಓದಿ ಹೇಳಿ, ಕಣ್ಣು ಕಾಣದವರಿಗಾಗಿ ಯಂತ್ರದಿಂದ ಓದಿಸಿ; ಅರ್ಥ ಕೆಡುವುದಿಲ್ಲ. ಆಳ ತಿಳಿಯದಿದ್ದರೆ ‘ಆಳ’ ಎಂಬ ಮಾತೇ ಇರುವುದಿಲ್ಲ, ಅಥವಾ ‘ಆಳ ತಿಳಿದಿಲ್ಲ’ ಎಂದಿರುತ್ತದೆ. ಹದಿಮೂರು ಅದರ ಜಾಗಕ್ಕೆ ನುಗ್ಗಲಾರದು. ನಮ್ಮ ಪೂರ್ವಿಕರಿಗೆ ಈ ಉಪಾಯ ಹೊಸದಲ್ಲ. ತಾಳೆಗರಿಯ ಮೇಲೆ ಪದ್ಯವನ್ನು ಪಾದಪಾದವಾಗಿ ಬಿಡಿಸಿ ಬರೆಯುವಷ್ಟು ಜಾಗವಿರಲಿಲ್ಲ. ಲಿಪಿಕಾರನು ಗರಿಯ ತುದಿಯವರೆಗೂ ಎಡೆಬಿಡದೆ ಬರೆದುಕೊಂಡು ಹೋಗಿ, ಪದ್ಯ ಮುಗಿದಲ್ಲಿ ಜೋಡಿ ದಂಡವನ್ನೂ ಸಂಖ್ಯೆಯನ್ನೂ ಇಡುತ್ತಿದ್ದನು. ಮೇರೆಯನ್ನು ತೋರಿಸಲು ಅವನು ತೆರಪನ್ನು ನೆಚ್ಚಲಿಲ್ಲ. ಓದಬಹುದಾದ ಚಿಹ್ನೆಯನ್ನೇ ಬರೆದನು.

ಅಂಕಿಗಳ ಕೋಷ್ಟಕಕ್ಕಿಂತಲೂ ಅಪಾಯಕಾರಿಯಾದುದು ಪಟ್ಟಿಯೊಳಗಿನ ಪಟ್ಟಿ. ಅಂಕಿ ತಪ್ಪಾದರೆ ಇಂಧನವೂ ದಿನವೂ ಹಾಳು. ಎಚ್ಚರಿಕೆ ತಪ್ಪಾದರೆ ಜೀವಕ್ಕೇ ಸಂಚಕಾರ. ಎತ್ತರದ ಅಲೆಗಳನ್ನು ಕುರಿತ ಒಂದು ಎಚ್ಚರಿಕೆಯನ್ನು, ಮತ್ತೆ ಉದಾಹರಣೆಗಾಗಿಯೇ, ಹೀಗೆ ಬರೆದಿದೆಯೆಂದುಕೊಳ್ಳಿ:

```
ಕಾರವಾರದಿಂದ ಹೊನ್ನಾವರದವರೆಗೆ
    ಸಣ್ಣ ದೋಣಿಗಳು ಕಡಲಿಗೆ ಇಳಿಯಬಾರದು
ಹೊನ್ನಾವರದಿಂದ ಮಂಗಳೂರಿನವರೆಗೆ
    ಎಚ್ಚರಿಕೆಯಿಂದ ಮೀನು ಹಿಡಿಯಬಹುದು
    ಸಂಜೆ 6ರ ಅನಂತರ
        ಸಣ್ಣ ದೋಣಿಗಳು ಕಡಲಲ್ಲಿ ಇರಬಾರದು
    ಅಲೆಗಳಲ್ಲಿ ಈಜಬಾರದು
```

ಈಜಬಾರದೆಂಬ ನಿಷೇಧವು ಇಲ್ಲಿ ದಿನವಿಡೀ ಅನ್ವಯಿಸುತ್ತದೆ. ಅದನ್ನು ‘ಸಂಜೆ 6ರ ಅನಂತರ’ ಎಂಬುದಕ್ಕಿಂತ ಒಳಕ್ಕೆ ಸರಿಸಿಲ್ಲ. ಸಾಲುಗಳು ಕರಗಿದ ಮೇಲೆ ಓದಿ: ‘ಸಂಜೆ 6ರ ಅನಂತರ ಸಣ್ಣ ದೋಣಿಗಳು ಕಡಲಲ್ಲಿ ಇರಬಾರದು ಅಲೆಗಳಲ್ಲಿ ಈಜಬಾರದು’. ಮಧ್ಯಾಹ್ನ ಈಜಲು ಅಡ್ಡಿಯಿಲ್ಲವೆಂದೇ ಯಾರೂ ಅರ್ಥಮಾಡಿಕೊಳ್ಳುವರು. ಕನ್ನಡದಲ್ಲಿ ವಾಕ್ಯದ ಕೊನೆಗೆ ಕ್ರಿಯಾಪದ ಬರುವುದರಿಂದ ಒಂದು ವಾಕ್ಯ ಎಲ್ಲಿ ಮುಗಿಯಿತೆಂಬುದು ಚಿಹ್ನೆಯಿಲ್ಲದೆಯೂ ಸಾಮಾನ್ಯವಾಗಿ ತಿಳಿಯುತ್ತದೆ. ಇದು ನಮ್ಮ ಭಾಷೆ ಕೊಟ್ಟ ಸೌಕರ್ಯ. ಆದರೆ ಕಾಲವನ್ನೂ ಸ್ಥಳವನ್ನೂ ಹೇಳುವ ಮಾತು ಮುಂಚೆಯೇ ಬರುವುದರಿಂದ, ಶೀರ್ಷಿಕೆಯಾಗಿ ಬರೆದದ್ದು ಮುಂದಿನ ವಾಕ್ಯದ ವಿಶೇಷಣವಾಗಿ ಕೂಡಿಕೊಳ್ಳುತ್ತದೆ. ಅದರ ಅಧಿಕಾರ ಎಷ್ಟು ವಾಕ್ಯಗಳವರೆಗೆ ಚಾಚಿದೆ ಎಂಬುದನ್ನು ತಿಳಿಸುತ್ತಿದ್ದುದು ಒಳಸರಿಸಿದ ತೆರಪೊಂದೇ. ಸ್ಥಳದ ಹೆಸರಿಗೂ ಇದೇ ಗತಿ. ಓಡುವ ಫಲಕವನ್ನು ನಡುವಿನಿಂದ ನೋಡತೊಡಗಿದವನಿಗೆ ‘ಮೀನು ಹಿಡಿಯಬಹುದು’ ಎಂಬುದು ಕಾಣುತ್ತದೆ. ಯಾವ ಭಾಗಕ್ಕೆ ಎಂಬುದು ಆಗಲೇ ಓಡಿಹೋಗಿರುತ್ತದೆ.

ಪರಿಹಾರವೆಂದರೆ ಒಳಪಟ್ಟಿಯನ್ನು ಬಿಡಿಸಿ, ಸ್ಥಳ ಕಾಲಗಳನ್ನು ಪ್ರತಿ ವಾಕ್ಯದಲ್ಲಿಯೂ ಮತ್ತೆ ಹೇಳುವುದು. ‘ಹೊನ್ನಾವರ–ಮಂಗಳೂರು: ಇಡೀ ದಿನ ಅಲೆಗಳಲ್ಲಿ ಈಜಬಾರದು. ಹೊನ್ನಾವರ–ಮಂಗಳೂರು: ಸಂಜೆ 6ರ ಅನಂತರ ಸಣ್ಣ ದೋಣಿಗಳು ಕಡಲಲ್ಲಿ ಇರಬಾರದು.’ ಪುನರುಕ್ತಿಯೆಂದು ಸಾಹಿತ್ಯಾಭಿಮಾನಿಗಳು ಮುಖ ಸಿಂಡರಿಸಬಹುದು. ಇಲ್ಲಿ ಪುನರುಕ್ತಿಯೇ ಗುಣ. ನಿಷೇಧ ಮೊದಲು, ಅನುಮತಿ ಅನಂತರ ಎಂಬ ಕ್ರಮವೂ ಒಳ್ಳೆಯದು, ಏಕೆಂದರೆ ಬಾಲ ಕತ್ತರಿಸಿಹೋದ ಸಂದೇಶದಲ್ಲಿ ಆಗ ಉಳಿಯುವುದು ನಿಷೇಧ. ಪತ್ರವು ದೀರ್ಘವಾಗಿದ್ದು ಒಳಪಟ್ಟಿ ಅನಿವಾರ್ಯವಾದರೆ ಶಾಸನಗಳಲ್ಲಿರುವಂತೆ 2, 2.1, 2.1.1 ಎಂದು ಪೂರ್ಣ ಸಂಖ್ಯೆಯನ್ನು ಬರೆಯತಕ್ಕದ್ದು. ಚುಕ್ಕೆಗಳನ್ನು ಇಟ್ಟರೆ ಸಾಲದು: ಚುಕ್ಕೆಯು ಹೊಸ ಅಂಶ ಬಂತೆಂದು ಹೇಳುತ್ತದೆಯೇ ಹೊರತು ಅದು ಯಾರ ಮನೆಯದೆಂದು ಹೇಳುವುದಿಲ್ಲ.

ಪತ್ರವನ್ನು ಹೊರಗೆ ಬಿಡುವ ಮುನ್ನ ಪರೀಕ್ಷಿಸುವ ವಿಧಾನ ಸುಲಭವಾಗಿದೆ. ಎಲ್ಲ ತೆರಪುಗಳನ್ನೂ ನಾವೇ ಮೊದಲು ಅಳಿಸಿ ನೋಡುವುದು. ಲಿನಕ್ಸ್ ಬಳಸುವವರಿಗೆ ಒಂದು ಸಾಲಿನ ಆಜ್ಞೆ ಸಾಕು:

```
tr -s ' \t\n' ' ' < suchane.txt
```

ಇದು ತೆರಪು, ಟ್ಯಾಬ್, ಸಾಲುಮುರಿತಗಳ ಪ್ರತಿ ಗುಂಪನ್ನೂ ಒಂದು ತೆರಪಾಗಿ ಮಾಡಿ ಇಡೀ ಕಡತವನ್ನು ಒಂದೇ ಸಾಲಾಗಿ ತೋರಿಸುತ್ತದೆ. ಆ ಸಾಲನ್ನು, ಮೂಲಪತ್ರವನ್ನು ನೋಡಿರದ ಸಹೋದ್ಯೋಗಿಯೊಬ್ಬರಿಗೆ ದೂರವಾಣಿಯಲ್ಲಿ ಓದಿ ಹೇಳಿ, ಎರಡು ಪ್ರಶ್ನೆ ಕೇಳಬೇಕು: ಮಲ್ಪೆಯಲ್ಲಿ ಆಳ ಎಷ್ಟು? ಮಂಗಳೂರಿನಲ್ಲಿ ಮಧ್ಯಾಹ್ನ ಈಜಬಹುದೇ? ಉತ್ತರ ಕೊಡಲು ಅವರು ‘ಪತ್ರವನ್ನೊಮ್ಮೆ ಕಳುಹಿಸಿ, ನೋಡಿ ಹೇಳುತ್ತೇನೆ’ ಎಂದರೆ ಪತ್ರವು ಇನ್ನೂ ಸಿದ್ಧವಾಗಿಲ್ಲವೆಂದೇ ತಿಳಿಯಬೇಕು. ಪತ್ರವನ್ನು ಬರೆದವರೇ ಈ ಪರೀಕ್ಷೆಯನ್ನು ಮಾಡಿಕೊಳ್ಳುವುದು ನಿಷ್ಪ್ರಯೋಜಕ. ಅವರ ಮನಸ್ಸಿನಲ್ಲಿ ಅಂಕಣಗಳು ಹಾಗೆಯೇ ನಿಂತಿರುತ್ತವೆ.

ದಡದಿಂದ ಹತ್ತು ಹನ್ನೆರಡು ಕಿಲೋಮೀಟರು ದಾಟಿದರೆ ಮೊಬೈಲು ಸಂಪರ್ಕ ಸಾಮಾನ್ಯವಾಗಿ ಸಿಗುವುದಿಲ್ಲ. ಅಲ್ಲಿರುವವರಿಗಾಗಿ ಜೆಮಿನಿ ಎಂಬ ಸಾಧನ 2019ರಲ್ಲಿ ಬಿಡುಗಡೆಯಾಯಿತು. ಗಗನ್ ವ್ಯವಸ್ಥೆಯ ಉಪಗ್ರಹದ ಮೂಲಕ ಬಂದ ಸಂದೇಶವನ್ನು ಅದು ದೋಣಿಯಲ್ಲಿರುವ ಮೊಬೈಲಿಗೆ ದಾಟಿಸುತ್ತದೆ. ಸಂದೇಹ ಬಂದರೆ ದಡಕ್ಕೆ ಮರುಪ್ರಶ್ನೆ ಹಾಕುವ ದಾರಿ ಅದರಲ್ಲಿಲ್ಲ. ಅದು ಕೇಳಿಸಿಕೊಳ್ಳುವ ಸಾಧನ ಮಾತ್ರ. ಇಂಥ ಕಡೆ ಹೆಸರು ಅಂಟಿಸದ ಅಂಕಿಯನ್ನು ಕಳುಹಿಸುವುದಕ್ಕಿಂತ ಕಳುಹಿಸದಿರುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಹೀಗೆ ಬರೆದರೂ ಎಲ್ಲವೂ ಸಾಲಿನಲ್ಲಿ ಹಿಡಿಸುವುದಿಲ್ಲವೆಂಬುದನ್ನು ಹೇಳಿಬಿಡಬೇಕು. ಸಂಭಾವ್ಯ ವಲಯವೆಂಬುದು ಕಡಲಿನಲ್ಲಿ ಬಳುಕಿಕೊಂಡು ಸಾಗುವ ಗೆರೆ. ಸಲಹಾಪತ್ರದ ಜೊತೆಗೆ ಬರುವ ನಕ್ಷೆಯಲ್ಲಿ ಅದು ಗೆರೆಯಾಗಿಯೇ ಕಾಣುತ್ತದೆ. ಕೋಷ್ಟಕವು ಅದರ ಕೆಲವು ಬಿಂದುಗಳನ್ನು, ಒಂದೊಂದು ದಡದ ಊರಿನಿಂದ ಅಳೆದು, ಹೇಳುತ್ತದೆ. ನಮ್ಮ ಕಿರುಸಂದೇಶವು ಆ ಬಿಂದುಗಳಲ್ಲಿ ಒಂದನ್ನು ಮಾತ್ರ ಹೊತ್ತೊಯ್ಯುತ್ತದೆ. ಎರಡು ಬಿಂದುಗಳ ನಡುವೆ ಗೆರೆ ಯಾವ ಕಡೆಗೆ ಬಾಗಿದೆ ಎಂಬುದನ್ನು ಅರಿಯಬೇಕಾದವರು ದಡ ಬಿಡುವ ಮೊದಲೇ ನಕ್ಷೆಯನ್ನು ನೋಡಿಕೊಳ್ಳಬೇಕಾಗುತ್ತದೆ. ಆದುದರಿಂದ ಪ್ರತಿ ಸಂದೇಶದ ತುದಿಯಲ್ಲಿ, ಜಾಗವಿದ್ದಷ್ಟಕ್ಕೆ, ಯಾವ ದಿನಾಂಕದ ನಕ್ಷೆಯೆಂಬುದನ್ನು ಬರೆಯಿರಿ. ನಮ್ಮ ಮಲ್ಪೆಯ ಸಂದೇಶದ ಎರಡು ತುಂಡುಗಳಲ್ಲಿ ಇನ್ನೂ 17 ಸಂಕೇತಗಳ ಜಾಗ ಉಳಿದಿದೆ. ದಿನಾಂಕಕ್ಕೆ ಅಷ್ಟು ಧಾರಾಳವಾಗಿ ಸಾಕಾಗುತ್ತದೆ.